ಸಡಿಲ ಕೀಲಿನವರು ಭಾರ ಎತ್ತುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈನ ಮುಲುಂಡಿನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕೋಣೆ ಇದೆ. ಡೊಂಬಿವಲಿ, ಠಾಣೆ, ಮಾಟುಂಗಾ ಕಡೆಯಿಂದ ಬರುವ ಕನ್ನಡಿಗರಲ್ಲಿ ಒಂದು ವಿಶೇಷ ಗುಂಪಿದೆ. ಇವರು ಚಿಕ್ಕಂದಿನಲ್ಲಿ ಹೆಬ್ಬೆರಳನ್ನು ಮುಂಗೈಗೆ ತಾಗಿಸಿ ತೋರಿಸಿ ಗೆಳೆಯರಿಂದ ಚಪ್ಪಾಳೆ ಗಿಟ್ಟಿಸಿದವರು, ಈಗ ಜಿಮ್‌ಗೆ ಸೇರಿ ಮೂರೇ ತಿಂಗಳಲ್ಲಿ ಮೊಣಕೈಯೋ ಭುಜವೋ ಹಿಡಿದುಕೊಂಡು ಬಂದವರು. ನಾನೂ ಅದೇ ಗುಂಪಿನವಳು. ಮಾತಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಇವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ನನ್ನ ಕೀಲುಗಳು ಸಡಿಲ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ವೈದ್ಯರು ಬಳಸುವ ಬೈಟನ್ ಅಂಕ ಎಂಬ ಪರೀಕ್ಷೆ ಇದೆ. ಒಟ್ಟು 9 ಅಂಕ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಇನ್ನೊಂದು ಕೈಯಿಂದ ಕಿರುಬೆರಳನ್ನು ಹಿಂದಕ್ಕೆ ಎತ್ತಿದಾಗ ಅದು 90 ಡಿಗ್ರಿ ದಾಟಿದರೆ ಒಂದು ಅಂಕ. ಹೆಬ್ಬೆರಳು ಮುಂಗೈಗೆ ತಾಗಿದರೆ ಒಂದು. ಮೊಣಕೈ ನೇರವಾದ ಮೇಲೂ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿದರೆ ಒಂದು, ಮೊಣಕಾಲು ಹಾಗೆಯೇ ಹಿಂದಕ್ಕೆ ಬಾಗಿದರೆ ಒಂದು. ಈ ನಾಲ್ಕನ್ನೂ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಎಣಿಸಬೇಕು. ಮೊಣಕಾಲು ಮಡಿಸದೆ ಬಗ್ಗಿ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದರೆ ಒಂಬತ್ತನೆಯ ಅಂಕ. 2017ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಐವತ್ತರೊಳಗಿನ ವಯಸ್ಕರಲ್ಲಿ 5 ಅಥವಾ ಹೆಚ್ಚು, ಐವತ್ತು ದಾಟಿದವರಲ್ಲಿ 4 ಅಥವಾ ಹೆಚ್ಚು ಬಂದರೆ ಮೈಯೆಲ್ಲ ಸಡಿಲ ಕೀಲು ಎಂದು ಪರಿಗಣಿಸುತ್ತಾರೆ.

ಈ ಪರೀಕ್ಷೆಯ ಕೊರತೆಯೆಂದರೆ ಇದು ಭುಜವನ್ನು ನೋಡುವುದೇ ಇಲ್ಲ. ಸೊಂಟದ ಕೀಲು, ಪಾದದ ಕೀಲು, ಕುತ್ತಿಗೆಗಳನ್ನೂ ಮುಟ್ಟುವುದಿಲ್ಲ. ಜಿಮ್‌ನಲ್ಲಿ ಕೈಕೊಡುವುದು ಹೆಚ್ಚಾಗಿ ಭುಜವೇ. ಆದ್ದರಿಂದ 3 ಅಂಕ ಬಂದವರ ಭುಜ ಜಾರುವುದನ್ನೂ ಕಂಡಿದ್ದೇನೆ, 8 ಅಂಕ ಬಂದವರು ಏನೂ ತೊಂದರೆಯಿಲ್ಲದೆ ಭರತನಾಟ್ಯ ಮಾಡಿಕೊಂಡಿರುವುದನ್ನೂ ಕಂಡಿದ್ದೇನೆ. ಅಂಕ ಎಷ್ಟು ಎನ್ನುವುದಕ್ಕಿಂತ ಯಾವ ಕೀಲು ಎನ್ನುವುದನ್ನು ಬರೆದಿಟ್ಟುಕೊಳ್ಳಿ.

ಸಡಿಲ ಕೀಲಿನವರು ಭಾರ ಎತ್ತಲೇಬಾರದು ಎಂದು ನಮ್ಮ ಮಾವ ಹೇಳುತ್ತಾರೆ. ನಿಜವೇ?

ಮಾವನವರ ಭಯಕ್ಕೆ ಕಾರಣವಿದೆ, ತೀರ್ಮಾನ ಮಾತ್ರ ಸರಿಯಲ್ಲ. ಮೂಳೆಗೆ ಮೂಳೆಯನ್ನು ಕಟ್ಟಿಡುವ ಅಸ್ಥಿರಜ್ಜು ಬಹುಪಾಲು ಕೊಲಾಜೆನ್‌ನಿಂದ ಆದದ್ದು. ನಮ್ಮಂಥವರಲ್ಲಿ ಅದು ಹೆಚ್ಚು ಹಿಗ್ಗುತ್ತದೆ. ವ್ಯಾಯಾಮದಿಂದ ಅದನ್ನು ಬಿಗಿಮಾಡಲು ಆಗುವುದಿಲ್ಲ. ಕೀಲನ್ನು ಹಿಡಿದಿಡುವ ಕೆಲಸದಲ್ಲಿ ನಾವು ಬೆಳೆಸಬಹುದಾದದ್ದು ಸ್ನಾಯುವನ್ನು, ಸ್ನಾಯುವನ್ನು ಮೂಳೆಗೆ ಅಂಟಿಸುವ ಸ್ನಾಯುರಜ್ಜುವನ್ನು. ಇವೆರಡೂ ಬಲಿಯುವುದು ಭಾರಕ್ಕೆ ಮಾತ್ರ.

ಭುಜ ಸಡಿಲವಿರುವ 100 ವಯಸ್ಕರ ಮೇಲೆ ಡೆನ್ಮಾರ್ಕಿನಲ್ಲಿ ನಡೆದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹದಿನಾರು ವಾರ ಒಂದು ಗುಂಪು ಹಗುರ ವ್ಯಾಯಾಮ ಮಾಡಿತು, ಇನ್ನೊಂದು ಗುಂಪು ಹಂತಹಂತವಾಗಿ ಭಾರ ಹೆಚ್ಚಿಸಿಕೊಂಡು ಹೋಯಿತು. ಭುಜದ ದಿನನಿತ್ಯದ ಕೆಲಸ ಹೆಚ್ಚು ಸುಧಾರಿಸಿದ್ದು ಭಾರ ಎತ್ತಿದವರಲ್ಲಿ. ಆ ಗುಂಪಿನಲ್ಲಿ ಸ್ನಾಯುನೋವು, ತಲೆನೋವಿನಂಥ ತಾತ್ಕಾಲಿಕ ತೊಂದರೆಗಳು ಹೆಚ್ಚಿದ್ದವು ಎನ್ನುವುದನ್ನೂ ಮಾವನವರಿಗೆ ಹೇಳಿ. ಅಲ್ಲಿ ಭಾರ ಏರಿದ್ದು ನುರಿತವರ ಮೇಲ್ವಿಚಾರಣೆಯಲ್ಲಿ, ಪಕ್ಕದವನ ಪ್ಲೇಟು ನೋಡಿಕೊಂಡು ಅಲ್ಲ.

ನನ್ನ ಅಂಗೈ ನೆಲಕ್ಕೆ ತಾಗುತ್ತದೆ, ಆದರೂ ಮೈಯೆಲ್ಲ ಬಿಗಿ ಎನಿಸುತ್ತದೆ. ಹೆಚ್ಚು ಸ್ಟ್ರೆಚ್ ಮಾಡಬೇಕೇ ಅಕ್ಕಾ?

ಬೇಡ ತಂಗಿ. ಕೀಲು ಸಡಿಲವಿದ್ದಾಗ ಅದರ ಸುತ್ತಲಿನ ಸ್ನಾಯುಗಳು ದಿನವಿಡೀ ಕಾವಲು ಕಾಯುತ್ತವೆ. ಆ ದಣಿವು ನಮಗೆ ಬಿಗಿತದಂತೆ ಅನಿಸುತ್ತದೆ. ಎಳೆದು ಹಿಗ್ಗಿಸಿದರೆ ಅರ್ಧ ಗಂಟೆ ಹಾಯೆನಿಸುತ್ತದೆ, ಸಂಜೆಗೆ ಮತ್ತೆ ಅದೇ ಬಿಗಿ, ಸಾಲದ್ದಕ್ಕೆ ಕೀಲು ಇನ್ನಷ್ಟು ಕೆರಳಿರುತ್ತದೆ. ತೊಡೆಯ ಹಿಂಭಾಗ ಬಿಗಿ ಎನ್ನುವವರಿಗೆ ನಾನು ಕೊಡುವುದು ಸೊಂಟದಿಂದ ಬಗ್ಗಿ ಹಗುರ ಡಂಬೆಲ್ ಎತ್ತುವ ವ್ಯಾಯಾಮ, ಮೊಣಕಾಲು ಸ್ವಲ್ಪ ಮಡಿಸಿ. ಕೆಲವು ವಾರಗಳಲ್ಲಿ ಆ ಬಿಗಿತದ ದೂರು ತಾನಾಗಿಯೇ ಕಡಿಮೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಜಿಮ್‌ಗಿಂತ ಮೊದಲು ವೈದ್ಯರನ್ನು ಕಾಣಬೇಕಾದವರು ಯಾರು?

ಕೀಲು ಪೂರ್ತಿ ತಪ್ಪಿದ್ದವರು, ಕೈಕಾಲು ಜೋಮು ಹಿಡಿಯುವವರು ಅಥವಾ ಬಲ ಕುಂದಿದವರು, ಎದೆ ಹೊಡೆದುಕೊಳ್ಳುವವರು, ಮೂರ್ಛೆ ಹೋಗುವವರು ಮೊದಲು ವೈದ್ಯರ ಬಳಿ ಹೋಗಬೇಕು. ತುಂಬ ಎತ್ತರದ, ಕೈಗಳನ್ನು ಚಾಚಿದರೆ ಎತ್ತರಕ್ಕಿಂತ ಉದ್ದವಾಗುವ, ಬೆರಳು ನೀಳವಾಗಿರುವ, ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಮಸೂರ ಜಾರಿದ ಮಂದಿಯಲ್ಲಿ ಮಾರ್ಫನ್ ಸಿಂಡ್ರೋಮ್ ಇರಬಹುದು. ಹೃದಯದಿಂದ ಹೊರಡುವ ಮಹಾಪಧಮನಿ ಇವರಲ್ಲಿ ಹಿಗ್ಗಿರುವ ಸಾಧ್ಯತೆ ಇರುವುದರಿಂದ ಎಕೋ ಪರೀಕ್ಷೆ ಆಗುವ ತನಕ ಉಸಿರು ಬಿಗಿಹಿಡಿದು ಭಾರ ಎತ್ತುವುದು ಅಪಾಯ. ಮನೆತನದಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ರಕ್ತನಾಳ ಒಡೆದು ತೀರಿಕೊಂಡಿದ್ದರೂ ಇದೇ ಎಚ್ಚರಿಕೆ. ಈ ಪುಟದ ಉಳಿದ ಮಾತುಗಳು ಇಂಥವರಿಗಲ್ಲ.

## ಹಿಡಿತ ಮತ್ತು ಅಂಚು

ಟ್ರೇನರ್ "ಪೂರಾ ಖೋಲೋ" ಎಂದು ಕೂಗುತ್ತಾರೆ. ನಾನು ಮೊಣಕೈಯನ್ನು ಎಷ್ಟು ಬಿಚ್ಚಬೇಕು?

ಅವರ ಮಾತು ಬೇರೆಯವರಿಗೆ ಸರಿ. ಸಾಮಾನ್ಯ ಮೊಣಕೈ ಪೂರ್ತಿ ಬಿಚ್ಚಿದಾಗ ನೇರವಾಗಿ ನಿಲ್ಲುತ್ತದೆ. ನಮ್ಮದು ನೇರವನ್ನು ದಾಟಿ ಹಿಂದಕ್ಕೆ ಹೋಗಿ, ಮೊಣಕೈಯ ಹಿಂದಿನ ಮೂಳೆತುದಿ ತೋಳಿನ ಮೂಳೆಯ ಗುಳಿಯಲ್ಲಿ ಹೋಗಿ ಕಚ್ಚಿಕೊಂಡ ಮೇಲಷ್ಟೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಭಾರ ಸ್ನಾಯುವಿನ ಕೈತಪ್ಪಿ ಮೂಳೆಯ ಮೇಲೆ, ಮುಂದಿನ ಅಸ್ಥಿರಜ್ಜುಗಳ ಮೇಲೆ ಕೂರುತ್ತದೆ. ಮಾಡುವವರಿಗೆ ಅದು ವಿಶ್ರಾಂತಿಯಂತೆ ಅನಿಸುವುದೇ ತೊಂದರೆ. ಎಂಟು ಎಣಿಕೆಯ ಸೆಟ್ಟಿನಲ್ಲಿ ಎಂಟು ಸಲ ಹೀಗೆ ಕುಟ್ಟಿಸಿಕೊಂಡ ಮೊಣಕೈ ರಾತ್ರಿ ಮಾತಾಡುತ್ತದೆ.

ನೇರ ಎಲ್ಲಿದೆ ಎಂದು ಹುಡುಕಲು ಮೊಬೈಲನ್ನು ಪಕ್ಕದಲ್ಲಿ, ಭುಜದ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ. ಬರಿಗೈಯನ್ನು ಮುಂದಕ್ಕೆ ಚಾಚಿ ನಿಧಾನವಾಗಿ ಬಿಚ್ಚಿ. ಭುಜ, ಮೊಣಕೈ, ಮಣಿಕಟ್ಟು ಒಂದೇ ಗೆರೆಯಲ್ಲಿ ಬಂದಲ್ಲಿ ನಿಲ್ಲಿಸಿ. ನೂರಕ್ಕೆ ತೊಂಬತ್ತು ಮಂದಿ ಅಲ್ಲಿ ನಿಂತು "ಮೇಡಂ, ಕೈ ಇನ್ನೂ ಮಡಿಸಿದ ಹಾಗಿದೆ" ಎನ್ನುತ್ತಾರೆ. ವಿಡಿಯೋ ತೋರಿಸಿದರೂ ನಂಬುವುದಿಲ್ಲ. ಕೀಲು ಎಲ್ಲಿದೆ ಎಂಬ ಒಳಗಿನ ಅರಿವು ನಮ್ಮಲ್ಲಿ ಮಂಕಾಗಿರುವುದು ಸಾಮಾನ್ಯ. ಆದ್ದರಿಂದ ಮೊದಲ ಎರಡು ವಾರ ಕಣ್ಣಿನ ಮಾತನ್ನು ಕೇಳಿ, ಕೈಯ ಮಾತನ್ನಲ್ಲ. ಆಮೇಲೆ ಕಣ್ಣು ಮುಚ್ಚಿ ನೇರಕ್ಕೆ ತನ್ನಿ, ಕಣ್ಣು ತೆರೆದು ಎಷ್ಟು ತಪ್ಪಿತು ಎಂದು ನೋಡಿ. ದಿನಕ್ಕೆ ಹತ್ತು ಸಲ ಸಾಕು.

ಮೊಣಕಾಲಿಗೂ ಇದೇ ಲೆಕ್ಕ. ಸ್ಕ್ವಾಟ್ ಮುಗಿಸಿ ಎದ್ದು ನಿಂತಾಗ, ಡೆಡ್‌ಲಿಫ್ಟ್‌ನ ಕೊನೆಯಲ್ಲಿ, ಲೆಗ್ ಪ್ರೆಸ್ ಯಂತ್ರದಲ್ಲಿ ಮೊಣಕಾಲು ಹಿಂದಕ್ಕೆ ಕಮಾನಾಗಬಾರದು. ಈ ಮೂರರಲ್ಲಿ ಲೆಗ್ ಪ್ರೆಸ್ ಬಗ್ಗೆ ನನಗೆ ಹೆಚ್ಚು ಭಯ. ಅಲ್ಲಿ ಭಾರ ದೊಡ್ಡದು, ಮೊಣಕಾಲು ಹಿಂದಕ್ಕೆ ಹೋದರೆ ತಡೆಯುವುದು ಕೀಲಿನ ಹಿಂಭಾಗ ಮಾತ್ರ. ಲೋಕಲ್ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಂನಲ್ಲಿ ನೀವು ಹೇಗೆ ನಿಲ್ಲುತ್ತೀರಿ ಎಂದೂ ಗಮನಿಸಿ. ಮೊಣಕಾಲನ್ನು ಹಿಂದಕ್ಕೆ ಒತ್ತಿ ನಿಲ್ಲುವ ಅಭ್ಯಾಸ ದಿನಕ್ಕೆ ಎರಡು ಗಂಟೆ ಇದ್ದರೆ, ಜಿಮ್‌ನ ನಲವತ್ತು ನಿಮಿಷದಲ್ಲಿ ಕಾಲು ಬೇರೆ ಪಾಠ ಕಲಿಯುವುದಿಲ್ಲ.

ಹಾಗಾದರೆ ಅಂಚಿನ ತನಕ ಹೋಗಲೇಬಾರದೇ? ಅರ್ಧಂಬರ್ಧ ಮಾಡುತ್ತಲೇ ಇರಬೇಕೇ?

ಇಲ್ಲ. ಇಲ್ಲಿ ಎರಡು ಅಂಚುಗಳಿವೆ. ಒಂದು, ಬೇರೆಯವರು ಹಿಡಿದು ಎಳೆದರೆ ಅಥವಾ ಭಾರ ಒತ್ತಿದರೆ ಕೀಲು ಹೋಗಬಲ್ಲ ಅಂಚು. ಇನ್ನೊಂದು, ನಿಮ್ಮದೇ ಸ್ನಾಯುವಿನಿಂದ ಹೋಗಿ, ಅಲ್ಲಿ ನಡುಗದೆ ಐದು ಸೆಕೆಂಡು ನಿಲ್ಲಬಲ್ಲ ಅಂಚು. ಇವೆರಡರ ನಡುವಿನ ಜಾಗ ನಮ್ಮಂಥವರಲ್ಲಿ ದೊಡ್ಡದು, ಗಾಯವಾಗುವುದು ಅಲ್ಲೇ. ಭಾರ ಹಿಡಿದಾಗ ಎರಡನೆಯ ಅಂಚಿನೊಳಗೆ ಇರಬೇಕು. ಆ ಎರಡನೆಯ ಅಂಚನ್ನೇ ಸ್ವಲ್ಪ ಸ್ವಲ್ಪ ಹೊರಕ್ಕೆ ಸರಿಸುವ ಕೆಲಸವನ್ನು ಬೇರೆಯಾಗಿ, ಅತಿ ಹಗುರವಾಗಿ ಮಾಡಬೇಕು.

ಭುಜಕ್ಕೆ ಹೀಗೆ ಮಾಡಿಸುತ್ತೇನೆ. ಬೋರಲು ಮಲಗಿ, ತೋಳನ್ನು ಪಕ್ಕಕ್ಕೆ ಚಾಚಿ, ಬರಿಗೈಯನ್ನು ನೆಲದಿಂದ ಒಂದು ಅಂಗುಲ ಎತ್ತಿ ಐದು ಸೆಕೆಂಡು ಹಿಡಿಯುವುದು, ಐದು ಸಲ. ಉಸಿರು ನಿಲ್ಲಿಸಬಾರದು, ಭುಜ ಕಿವಿಯತ್ತ ಏರಬಾರದು. ಹಿಡಿದಿರುವಾಗ ಭುಜದ ಮುಂಭಾಗದಲ್ಲಿ ಏನೋ ಉಬ್ಬಿದಂತೆ, ಜಾರುವಂತೆ ಅನಿಸಿದರೆ ಅಂಚು ದಾಟಿದ್ದೀರಿ ಎಂದರ್ಥ. ಕೈಯನ್ನು ಅರ್ಧ ಅಂಗುಲಕ್ಕೆ ಇಳಿಸಿ. ಹತ್ತು ಸೆಕೆಂಡು ಸ್ಥಿರವಾದ ಮೇಲೆ ಅರ್ಧ ಕಿಲೋ. ಇದನ್ನು ನೋಡಿ "ಇಷ್ಟೇನಾ?" ಎಂದು ನಗುವ ಗಂಡಸರು ನಾಲ್ಕನೆಯ ಸಲಕ್ಕೆ ನಗುವುದನ್ನು ನಿಲ್ಲಿಸುತ್ತಾರೆ.

ನಿಧಾನವಾಗಿ ಮಾಡಿ ಎನ್ನುತ್ತೀರಿ. ಎಷ್ಟು ನಿಧಾನ?

ಇಳಿಸಲು ಮೂರು ಸೆಕೆಂಡು, ಕೆಳಗೆ ಒಂದು ಸೆಕೆಂಡು ನಿಲ್ಲುವುದು, ಎತ್ತಲು ಎರಡು, ಮೇಲೆ ಎರಡು ಸೆಕೆಂಡು ಹಿಡಿಯುವುದು. ಕೆಳಗೆ ನಿಲ್ಲುವ ಆ ಒಂದು ಸೆಕೆಂಡಿಗೇ ಹೆಚ್ಚು ಬೆಲೆ. ನಿಲ್ಲದೆ ಪುಟಿದೆದ್ದರೆ ಆ ಪುಟಿತದ ಹೊಡೆತ ಹೋಗುವುದು ಅಸ್ಥಿರಜ್ಜುವಿಗೆ. ನಿಲ್ಲಲು ಸಾಧ್ಯವಾಗದ ಭಾರ ನಿಮ್ಮ ಭಾರವಲ್ಲ, ಎತ್ತಲು ಸಾಧ್ಯವಾಗಿದ್ದರೂ ಸಹ. ಇದಕ್ಕಿಂತ ನಿಧಾನ ಮಾಡಿ ಪ್ರಯೋಜನವಿಲ್ಲ. ಹತ್ತು ಸೆಕೆಂಡು ಇಳಿಸುವವರು ಭಾರವನ್ನು ತುಂಬ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ, ಸ್ನಾಯುವಿಗೆ ಬೇಕಾದ ಕೆಲಸವೇ ಸಿಗುವುದಿಲ್ಲ.

ಮೊಣಕಾಲಿಗೆ ಪಟ್ಟಿ, ಟೇಪು, ಸೊಂಟದ ಬೆಲ್ಟು ಕಟ್ಟಿಕೊಂಡರೆ ಸಾಕಲ್ಲವೇ?

ಟೇಪು ಕೀಲನ್ನು ಹಿಡಿದಿಡುವುದಕ್ಕಿಂತ ಹೆಚ್ಚಾಗಿ ಚರ್ಮದ ಮೂಲಕ ಎಚ್ಚರಿಸುತ್ತದೆ. ಮೊಣಕೈಯ ಮಡಿಕೆಗೆ ಅಡ್ಡಲಾಗಿ, ಸ್ವಲ್ಪ ಮಡಿಸಿದ ಸ್ಥಿತಿಯಲ್ಲಿ ಹಚ್ಚಿದ ಟೇಪು ಕೈ ನೇರವನ್ನು ದಾಟುವಾಗ ಎಳೆಯುತ್ತದೆ. ಕಲಿಯುವ ದಿನಗಳಲ್ಲಿ ಅದು ಒಳ್ಳೆಯದು. ನಮ್ಮಲ್ಲಿ ಕೆಲವರ ಚರ್ಮ ಮೆದು, ಮುಂಬೈ ಮಳೆಗಾಲದ ಬೆವರಿಗೆ ಬೊಕ್ಕೆ ಏಳುತ್ತದೆ, ಮೊದಲು ಸಣ್ಣ ತುಂಡು ಹಚ್ಚಿ ನೋಡಿ. ಪಟ್ಟಿ ಇದ್ದರೆ ಮಾತ್ರ ಎತ್ತಬಲ್ಲೆ ಎನ್ನುವ ಭಾರವನ್ನು ಬಿಟ್ಟುಬಿಡಿ.

## ಭಾರ ಏರಿಸುವಾಗ

ಭಾರವನ್ನು ಯಾವಾಗ ಹೆಚ್ಚಿಸಬೇಕು, ಎಷ್ಟು ಹೆಚ್ಚಿಸಬೇಕು? ಒಂದು ಉದಾಹರಣೆ ಕೊಟ್ಟು ಹೇಳಿ.

ನಿಯಮ ಸಣ್ಣದು. ಕೊನೆಯ ಸೆಟ್ಟಿನ ಕೊನೆಯ ಎಣಿಕೆ ಮೊದಲ ಎಣಿಕೆಯಷ್ಟೇ ಸ್ಥಿರವಾಗಿರಬೇಕು. ಆಮೇಲಿನ ಎರಡು ಬೆಳಗೂ ಕೀಲು ಸುಮ್ಮನಿರಬೇಕು. ಸತತ ಮೂರು ಸರದಿಯಲ್ಲಿ, ಅಂದರೆ ವ್ಯಾಯಾಮ ಮಾಡಿದ ಮೂರು ದಿನಗಳಲ್ಲಿ, ಈ ಎರಡೂ ನಿಜವಾದರೆ ಒಂದು ಮೆಟ್ಟಿಲು ಏರಬಹುದು. ಮೊದಲು ಎಣಿಕೆಯನ್ನು 8ರಿಂದ 12ಕ್ಕೆ ಏರಿಸಬೇಕು, ಆಮೇಲೆ ಭಾರ ಏರಿಸಿ ಎಣಿಕೆಯನ್ನು ಮತ್ತೆ 8ಕ್ಕೆ ಇಳಿಸಬೇಕು. ಒಂದೇ ದಿನ ಎರಡನ್ನೂ ಮುಟ್ಟಬಾರದು. ಇನ್ನೂ ಮೂರು ಎಣಿಕೆ ಮಾಡಬಹುದಿತ್ತು ಎನ್ನುವಾಗಲೇ ಸೆಟ್ಟು ನಿಲ್ಲಿಸಬೇಕು, ಏಕೆಂದರೆ ದಣಿದ ಸ್ನಾಯು ಕೀಲನ್ನು ಬಿಟ್ಟುಕೊಡುವುದು ಆ ಕೊನೆಯ ಎರಡು ಮೂರು ಎಣಿಕೆಗಳಲ್ಲೇ.

ಐರೋಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಧಾರವಾಡದ ಕಡೆಯ 27 ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಬಲ ಮೊಣಕೈ 15 ಡಿಗ್ರಿ ಹಿಂದಕ್ಕೆ ಹೋಗುತ್ತಿತ್ತು, ಎಡದ್ದು 12. ಕೈಗೆ 7.5 ಕಿಲೋದಂತೆ ಡಂಬೆಲ್ ಹಿಡಿದು ತಲೆಯ ಮೇಲೆ ಎತ್ತುತ್ತಿದ್ದಳು, ಮೇಲೆ ಹೋದ ಕೂಡಲೇ ಕೀಲನ್ನು ಕಚ್ಚಿಸಿ ನಿಲ್ಲುತ್ತಿದ್ದಳು. ಬಲ ಮೊಣಕೈಯ ಹಿಂದೆ ನೋವು, ರಾತ್ರಿ ದಿಂಬಿನ ಕೆಳಗೆ ಕೈ ಇಡಲಾಗುತ್ತಿರಲಿಲ್ಲ.

ತಲೆಯ ಮೇಲೆ ಎತ್ತುವುದನ್ನು ನಿಲ್ಲಿಸಿ ನೆಲದ ಮೇಲೆ ಅಂಗಾತ ಮಲಗಿ ಡಂಬೆಲ್ ಎತ್ತುವ ಫ್ಲೋರ್ ಪ್ರೆಸ್ ಕೊಟ್ಟೆ. ಕೆಳಗೆ ಇಳಿಸಿದಾಗ ತೋಳು ನೆಲಕ್ಕೆ ತಾಗುವುದರಿಂದ ಭುಜ ಅದಕ್ಕಿಂತ ಹಿಂದಕ್ಕೆ ಹೋಗಲಾರದು. ಹಾಗಾಗಿ ಮೇಲಿನ ತುದಿಯೊಂದನ್ನೇ ಅವಳು ಕಾಯಬೇಕು. ಕೈಗೆ 2.5 ಕಿಲೋ, ವಾರಕ್ಕೆ ಎರಡು ದಿನ, ಮೂರು ಸೆಟ್ಟು. ಮೇಲೆ ಹೋದಾಗ ನೇರಕ್ಕಿಂತ ಸ್ವಲ್ಪ ಮೊದಲು ನಿಂತು ಎರಡು ಸೆಕೆಂಡು ಹಿಡಿಯಬೇಕು. "7.5 ಎತ್ತುತ್ತಿದ್ದವಳಿಗೆ 2.5 ಕೊಡುತ್ತೀರಾ?" ಎಂದು ಮುಖ ಊದಿಸಿಕೊಂಡಳು. ಮೊದಲ ದಿನ ಐದನೆಯ ಎಣಿಕೆಗೆ ಬಲಗೈ ನಡುಗಿತು, ಮಾತು ಅಲ್ಲಿಗೆ ಮುಗಿಯಿತು.

ಅವಳ ಜಿಮ್‌ನಲ್ಲಿ ಡಂಬೆಲ್‌ಗಳು 2.5ರಿಂದ ನೇರವಾಗಿ 5ಕ್ಕೆ ಹಾರುತ್ತಿದ್ದವು. ಅಂದರೆ ಒಂದೇ ಹೆಜ್ಜೆಗೆ ಭಾರ ಇಮ್ಮಡಿ. ಇದಕ್ಕೆ ಮಣಿಕಟ್ಟಿಗೆ ಕಟ್ಟುವ ಅರ್ಧ ಕಿಲೋ, ಒಂದು ಕಿಲೋ ಮರಳಿನ ಪಟ್ಟಿಗಳನ್ನು ಕೊಳ್ಳಲು ಹೇಳಿದೆ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಅದೇ 2.5ರ ಡಂಬೆಲ್ ಹಿಡಿದು, ಪಟ್ಟಿ ಸೇರಿಸಿಕೊಂಡು, ಎರಡು ಮೂರು ವಾರಕ್ಕೊಮ್ಮೆ ಅರ್ಧ ಕಿಲೋದಂತೆ ಏರಿದಳು. ಒಂಬತ್ತನೆಯ ವಾರ 4 ಕಿಲೋ.

ಹನ್ನೊಂದನೆಯ ವಾರ ಎಡವಟ್ಟಾಯಿತು. ಪಟ್ಟಿ ಮನೆಯಲ್ಲಿ ಮರೆತು ಬಂದ ದಿನ 5 ಕಿಲೋ ಡಂಬೆಲ್ ಎತ್ತಿಕೊಂಡಳು. ಮೊದಲೆರಡು ಸೆಟ್ಟು ಚೆನ್ನಾಗಿಯೇ ಹೋದವು. ಮೂರನೆಯದರಲ್ಲಿ ಬಲ ಮೊಣಕೈ ಟಕ್ಕೆಂದು ಕಚ್ಚಿಕೊಂಡಿತು, ಎರಡು ದಿನ ನೋವು. ಒಂದೇ ಕಿಲೋ ವ್ಯತ್ಯಾಸಕ್ಕೆ ಇಷ್ಟೆಲ್ಲ ಆಯಿತೇ ಎಂದು ಅವಳಿಗೆ ಆಶ್ಚರ್ಯ. ಆದರೆ 4ಕ್ಕೆ 1 ಎಂದರೆ ಕಾಲು ಭಾಗ. ಇನ್ನೊಂದು ಮಾತು, ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಸ್ನಾಯುರಜ್ಜು ಬಲಿಯಲು ತಿಂಗಳುಗಳೇ ಬೇಕು. "ಎತ್ತಬಲ್ಲೆ" ಎಂದು ಸ್ನಾಯು ಹೇಳಿದಾಗ ಉಳಿದವರ ಒಪ್ಪಿಗೆ ಇನ್ನೂ ಬಂದಿರುವುದಿಲ್ಲ.

ಎರಡು ವಾರ 4 ಕಿಲೋಗೆ ಮರಳಿದಳು. ಆಮೇಲೆ 4.5, ಹದಿನಾರನೆಯ ವಾರ 5. ಇಪ್ಪತ್ತೇಳನೆಯ ವಾರ ತಾನು ಬಿಟ್ಟುಬಂದಿದ್ದ 7.5 ಕಿಲೋಗೆ ತಲುಪಿದಳು, ಎಂಟು ಎಣಿಕೆ, ಮೂರು ಸೆಟ್ಟು, ಮೇಲೆ ಎರಡು ಸೆಕೆಂಡು ಅಲುಗದೆ. ಆರು ತಿಂಗಳು. ತಲೆಯ ಮೇಲೆ ಎತ್ತುವುದನ್ನು ಅದಾದ ಮೇಲೆ ಮತ್ತೆ 2.5ರಿಂದ ಶುರು ಮಾಡಿದೆವು. ಈ ಸಲ ಅವಳು ಮುಖ ಊದಿಸಲಿಲ್ಲ.

ಇವು ಅವಳ ಅಂಕಿಗಳು. ನಿಮ್ಮ ಆರಂಭದ ಭಾರ ಬೇರೆ ಇರುತ್ತದೆ. ಕೆಲವರು ಮೂರು ತಿಂಗಳಲ್ಲಿ ಮುಟ್ಟುವ ಜಾಗಕ್ಕೆ ಇನ್ನು ಕೆಲವರಿಗೆ ವರ್ಷವೇ ಬೇಕಾಗುತ್ತದೆ.

ಜಿಮ್ ಮಾಡಿದ ದಿನ ಏನೂ ಆಗುವುದಿಲ್ಲ, ಮರುದಿನ ನೋವು. ಇದು ಒಳ್ಳೆಯ ನೋವೋ ಕೆಟ್ಟದ್ದೋ?

ಎಲ್ಲಿ ನೋಯುತ್ತದೆ ಎಂದು ಒಂದೇ ಬೆರಳಿಂದ ತೋರಿಸಿ. ಅಂಗೈಯಿಟ್ಟು "ಇಲ್ಲೆಲ್ಲ" ಎನ್ನುವಂತಿದ್ದು, ತೊಡೆಯ ಅಥವಾ ತೋಳಿನ ನಡುವೆ ಇದ್ದು, ಒತ್ತಿದರೆ ನೋಯುತ್ತ, ಓಡಾಡಿದರೆ ಸಡಿಲವಾದರೆ ಅದು ಸ್ನಾಯುವಿನ ನೋವು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಬೆರಳ ತುದಿ ಕೀಲಿನ ಗೆರೆಯ ಮೇಲೆ ನಿಂತರೆ, ಮೆಟ್ಟಿಲು ಇಳಿಯುವಾಗ ಅಥವಾ ಬಾಟಲಿಯ ಮುಚ್ಚಳ ತಿರುಗಿಸುವಾಗ ಚುಚ್ಚಿದರೆ, ಬಾವು ಬಂದರೆ ಅದು ಕೀಲಿನ ದೂರು. ಹಾಗಿದ್ದರೆ ಮುಂದಿನ ಸರದಿಯಲ್ಲಿ ಭಾರವನ್ನು ಕಾಲು ಭಾಗ ಇಳಿಸಿ, ಎಣಿಕೆ ಅಷ್ಟೇ ಇರಲಿ. ಎರಡು ಸರದಿಯಾದರೂ ಹೋಗದಿದ್ದರೆ ಆ ವ್ಯಾಯಾಮದ ರೂಪವನ್ನೇ ಬದಲಿಸಬೇಕು. ನೋವಿಲ್ಲದ ಬರೀ ಲಟಕ್ ಸದ್ದಿಗೆ ಹೆದರಬೇಕಿಲ್ಲ. ಸದ್ದಿನ ಜೊತೆ ಜಾರಿದಂತೆ ಅನಿಸಿದರೆ ಆ ದಿನದ ಭಾರ ಅಲ್ಲಿಗೆ ಮುಗಿಯಿತು.

ಪುಲ್-ಅಪ್ ಬಾರಿಗೆ ನೇತಾಡಬಹುದೇ? ಭುಜ ತೆರೆದುಕೊಳ್ಳುತ್ತದೆ ಎನ್ನುತ್ತಾರಲ್ಲ.

ನಿಮ್ಮ ಭುಜ ಈಗಾಗಲೇ ಬೇಕಾದಷ್ಟು ತೆರೆದಿದೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲ್ಯಾಣ ಲೋಕಲಿನಲ್ಲಿ ಹಿಡಿಕೆ ಹಿಡಿದು ನಿಂತಿದ್ದಾಗ ಕುರ್ಲಾ ಬಳಿ ರೈಲು ಗಕ್ಕನೆ ನಿಂತು ನನ್ನ ಬಲಭುಜ ಅರ್ಧ ಜಾರಿ ತಾನಾಗಿಯೇ ಒಳಹೋಯಿತು. ಕೈ ಸಡಿಲವಾಗಿ ತೂಗುತ್ತಿತ್ತು, ಯಾವ ಸ್ನಾಯುವೂ ಕೆಲಸದಲ್ಲಿರಲಿಲ್ಲ. ಬಾರಿಗೆ ಸತ್ತಂತೆ ನೇತಾಡುವುದೂ ಅದೇ, ಜೊತೆಗೆ ಇಡೀ ಮೈಭಾರ.

ನೇತಾಡುವ ಆಸೆ ಇದ್ದರೆ ದಾರಿಯಿದೆ. ಕಾಲು ನೆಲದ ಮೇಲೋ ಸ್ಟೂಲಿನ ಮೇಲೋ ಇರಲಿ, ಮೈಭಾರದ ಅಲ್ಪ ಭಾಗ ಮಾತ್ರ ಕೈಗೆ ಬರಲಿ. ಮೊಣಕೈ ತುಸು ಮಡಿಸಿ, ಭುಜಗಳನ್ನು ಕಿವಿಯಿಂದ ಕೆಳಕ್ಕೆ ಎಳೆದು ಹತ್ತು ಸೆಕೆಂಡು ಹಿಡಿಯಿರಿ. ಭುಜ ಕಿವಿಯತ್ತ ಜಾರತೊಡಗಿದ ಕ್ಷಣ ಕಾಲಿಗೆ ಭಾರ ಕೊಡಿ. ಇದು ಮೂವತ್ತು ಸೆಕೆಂಡಿಗೆ ಬಂದ ಮೇಲೆ ಕಾಲಿನ ಆಸರೆಯನ್ನು ಕಡಿಮೆ ಮಾಡುತ್ತಾ ಹೋಗಬಹುದು. ಪುಲ್-ಅಪ್ ಮಾಡುವಾಗಲೂ ಕೆಳಗೆ ಪೂರ್ತಿ ಬಿಡಬೇಡಿ. ರೈಲಿನ ಹಿಡಿಕೆಗೂ ಇದೇ ಸೂತ್ರ, ಸಾಧ್ಯವಾದರೆ ಕಂಬವನ್ನೇ ಹಿಡಿಯಿರಿ.

ಡೆಡ್‌ಲಿಫ್ಟ್ ಮುಗಿಸಿ ಎದ್ದರೆ ತಲೆ ಸುತ್ತುತ್ತದೆ, ಕಣ್ಣಿಗೆ ಕತ್ತಲೆ. ಊಟ ಸಾಲದೇ?

ಊಟ ಒಂದು ಕಾರಣ ಇರಬಹುದು. ಸಡಿಲ ಕೀಲಿನವರಲ್ಲಿ ಕೆಲವರಿಗೆ ಎದ್ದು ನಿಂತಾಗ ರಕ್ತ ಕಾಲಿನಲ್ಲೇ ನಿಂತು ಹೃದಯದ ಬಡಿತ ವಿಪರೀತ ಏರುವ ತೊಂದರೆಯೂ ಇರುತ್ತದೆ. ಹತ್ತು ನಿಮಿಷ ಮಲಗಿ ನಾಡಿ ಎಣಿಸಿ, ಎದ್ದು ನಿಂತು ಹತ್ತು ನಿಮಿಷದ ತನಕ ಆಗಾಗ ಎಣಿಸಿ. ವಯಸ್ಕರಲ್ಲಿ ಬಡಿತ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ ವೈದ್ಯರಿಗೆ ತೋರಿಸಿ. ಅಲ್ಲಿಯ ತನಕ ಕುಳಿತು, ಮಲಗಿ ಮಾಡುವ ವ್ಯಾಯಾಮಗಳನ್ನು ಮಾಡಿ. ನಿಂತು ಮಾಡುವುದೇನಾದರೂ ಇದ್ದರೆ ಅದನ್ನು ಸರದಿಯ ಮೊದಲಿಗೆ ಇಟ್ಟುಕೊಳ್ಳಿ, ಸೆಟ್ಟುಗಳ ನಡುವೆ ಕಲ್ಲಿನಂತೆ ನಿಲ್ಲದೆ ಅಡ್ಡಾಡಿ. ಉಪ್ಪು ಹೆಚ್ಚು ತಿನ್ನಿ ಎಂಬ ಸಲಹೆ ಇಂಥವರಿಗೆ ಸಿಗುವುದುಂಟು, ಆದರೆ ರಕ್ತದೊತ್ತಡ ನೋಡದೆ ನೀವೇ ಶುರು ಮಾಡಬೇಡಿ.

ಗಣೇಶ ಚೌತಿಗೆ ಎರಡು ವಾರ ಊರಿಗೆ ಹೋಗಿದ್ದೆ. ಬಿಟ್ಟ ಭಾರದಿಂದಲೇ ಶುರು ಮಾಡಲೇ?

ಎರಡು ವಾರದಲ್ಲಿ ಬಲ ಹೆಚ್ಚೇನೂ ಇಳಿದಿರುವುದಿಲ್ಲ, ಇಳಿದಿರುವುದು ಹಿಡಿತ. ನೇರ ಎಲ್ಲಿದೆ ಎಂಬ ಅರಿವು ಮಂಕಾಗಿರುತ್ತದೆ. ಮೊದಲ ಸರದಿಯಲ್ಲಿ ಎರಡು ಮೆಟ್ಟಿಲು ಕೆಳಗಿನ ಭಾರ ಹಿಡಿದು ಪಕ್ಕದಿಂದ ವಿಡಿಯೋ ಮಾಡಿ. ಹೋಗುವ ಮೊದಲಿನ ವಿಡಿಯೋ ಇದ್ದರೆ ಎರಡನ್ನೂ ಹೋಲಿಸಿ ನೋಡಿ. ತುದಿಯ ನಿಲುವು ಒಂದೇ ಥರ ಇದ್ದರೆ ಮೂರನೆಯ ಸರದಿಗೆ ಹಳೆಯ ಭಾರಕ್ಕೆ ಬರಬಹುದು. ಒಂದು ತಿಂಗಳಿಗಿಂತ ಹೆಚ್ಚು ಬಿಟ್ಟಿದ್ದರೆ ಅರ್ಧ ಭಾರದಿಂದ ಶುರು ಮಾಡಿ, ವಾರಕ್ಕೊಂದು ಮೆಟ್ಟಿಲು ಏರಿ. ಹೋಗುವ ದಾರಿಯಲ್ಲಿ ಬಸ್ಸಿನ ಮೇಲಿನ ಕಪಾಟಿಗೆ ಚೀಲ ಎತ್ತಿಡುವಾಗಲೂ ಮೊಣಕೈ ಕಚ್ಚಿಸಬೇಡಿ. ಚೌತಿ ಮುಗಿಸಿ ಬಂದವರಲ್ಲಿ ಅರ್ಧ ಮಂದಿಯ ದೂರು ಜಿಮ್‌ನದ್ದಲ್ಲ, ಊರಿನಿಂದ ಹೊತ್ತು ತಂದ ತೆಂಗಿನಕಾಯಿಯ ಚೀಲದ್ದು.